ಮೇಡಂ, ನಮಗ್ ಯಾಕ ಹೇಳ್ಲಿಲ್ಲ?

ಈ ಪ್ರಶ್ನೆ ಕೇಳಿದವಳು ಔರಾದ್ ಕಡೆಯ ಒಂದು ಹಳ್ಳಿಯ ಹುಡುಗಿ. ಆಗ ಒಂಬತ್ತನೇ ತರಗತಿ. ಕೇಳಿಸಿಕೊಂಡವಳು ನಾನು, ಬೀದರಿನಲ್ಲಿ ಕನ್ನಡ ಪಾಠ ಹೇಳುವವಳು. 2020ರ ಮಳೆಗಾಲ. ಶಾಲೆಗಳಿಗೆ ಬೀಗ ಬಿದ್ದಿತ್ತು, ಪಾಠವೆಲ್ಲ ಗೂಗಲ್ ಮೀಟ್‌ನಲ್ಲಿ. ಪಾಠ ನಡೆದದ್ದಕ್ಕೆ ಪುರಾವೆಯಾಗಿ ದಿನಕ್ಕೊಂದು ಸ್ಕ್ರೀನ್‌ಶಾಟ್ ಕಳಿಸಬೇಕು ಎಂಬ ಸೂಚನೆ ನಮಗಿತ್ತು. ನಾನು ದಿನವೂ ಕಳಿಸುತ್ತಿದ್ದೆ. ಮಕ್ಕಳ ಮುಖಗಳೆಲ್ಲ ಚೌಕ ಚೌಕವಾಗಿ ಒಟ್ಟಿಗೆ ಕಾಣುವ ಹೊತ್ತು ನೋಡಿ ಎರಡು ಗುಂಡಿ ಒತ್ತಿದರೆ ಮುಗಿಯಿತು. ಮಕ್ಕಳಿಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಬೇಕು ಎಂಬುದೇ ಹೊಳೆದಿರಲಿಲ್ಲ.

ಒಂದು ದಿನದ ಆ ಚಿತ್ರದಲ್ಲಿ, ಎಡಗಡೆ ಕೆಳಗಿನ ಚೌಕದಲ್ಲಿ, ಈ ಹುಡುಗಿ ಗೋಣಿಚೀಲದ ಮೇಲೆ ಕೂತಿದ್ದಳು. ಅವಳ ಮನೆ ಎಂದರೆ ಒಂದೇ ಕೋಣೆ. ಹಿಂದೆ ಹಗ್ಗದ ಮೇಲೆ ಬಟ್ಟೆ. ಅದರ ಪಕ್ಕದಲ್ಲಿ ಆಗಷ್ಟೇ ಸ್ನಾನ ಮುಗಿಸಿ ಬಂದ ಅವಳ ತಾಯಿ, ಸೆರಗು ಇನ್ನೂ ಸರಿಯಾಗದೆ, ತಲೆ ಒರೆಸಿಕೊಳ್ಳುತ್ತಿದ್ದರು. ಆ ತಾಯಿಗೆ ಕ್ಯಾಮೆರಾದ ಕಣ್ಣು ಎಲ್ಲಿವರೆಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ನಾನೂ ಚಿತ್ರವನ್ನು ದೊಡ್ಡದು ಮಾಡಿ ನೋಡಲಿಲ್ಲ. ಅದು ಶಿಕ್ಷಕರ ಗುಂಪಿಗೆ ಹೋಯಿತು. ಅಲ್ಲಿಂದ ಯಾರೋ ಪಾಲಕರ ಗುಂಪಿಗೆ ಹಾಕಿದರು, ಅಲ್ಲಿಂದ ಊರಿನ ಹುಡುಗರ ಗುಂಪಿಗೆ ಹೋಯಿತು. ಅಲ್ಲಿ ಅದನ್ನು ಕತ್ತರಿಸಿ ಒಂದೇ ಚೌಕ ಉಳಿಸಿಕೊಂಡರು.

ಹುಡುಗಿ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡೆ. ವಾರ ಕಳೆದ ಮೇಲೆ ಸುದ್ದಿ ನನ್ನ ಕಿವಿಗೆ ಬಿತ್ತು. ಸಂತಪುರ ದಾಟಿ ಔರಾದಿಗೆ ಹೋಗಿ, ಅಲ್ಲಿಂದ ಒಂದು ಆಟೋ ಹಿಡಿದು ಅವರ ಮನೆಗೆ ಹೋದೆ. ಹುಡುಗಿ ಹೊಸ್ತಿಲ ಮೇಲೆ ಕೂತೇ ಮಾತಾಡಿದಳು: “ನೀವು ಫೋಟೊ ತಗೊಂಡಾಗ ನಮ್ಮ ಮೊಬೈಲಿಗೆ ಏನೂ ಬರ್ಲಿಲ್ಲಲ್ರಿ ಮೇಡಂ. ನೀವರ ಯಾಕ ಹೇಳ್ಲಿಲ್ಲ? ಹೇಳಿದ್ರ ನಾ ಕ್ಯಾಮೆರಾ ಬಂದ್ ಮಾಡ್ತಿದ್ದೆ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಂತ್ರ ಹೇಳಲಿಲ್ಲ, ನಾನೂ ಹೇಳಲಿಲ್ಲ. ಯಂತ್ರ ಯಾಕೆ ಹೇಳಲಿಲ್ಲ ಎಂಬುದನ್ನು ಅವತ್ತಿನಿಂದ ಕೇಳಿ, ಓದಿ, ಪರೀಕ್ಷೆ ಮಾಡಿ ತಿಳಿದುಕೊಂಡಿದ್ದೇನೆ. ತಿಳಿದದ್ದನ್ನು ಬೀದರಿನ, ಭಾಲ್ಕಿಯ, ಔರಾದಿನ ನನ್ನ ಜನರ ಮುಂದೆ ಇಡುತ್ತಿದ್ದೇನೆ. ಏಕೆಂದರೆ ನಾನು ಮಾಡಿದ್ದನ್ನು ಇವತ್ತಿಗೂ ನಮ್ಮ ಮನೆ ಮನೆಯಲ್ಲಿ ಮಾಡುತ್ತಿದ್ದೇವೆ.

ಕಳೆದ ದೀಪಾವಳಿಗೆ ಭಾಲ್ಕಿಯ ತವರುಮನೆಗೆ ಹೋದಾಗ ಅಣ್ಣನ ಮಗಳನ್ನು ಕೂಡಿಸಿಕೊಂಡು ಒಂದು ಮಧ್ಯಾಹ್ನ ಈ ಪರೀಕ್ಷೆ ಮಾಡಿದೆವು. ಹೊರಸಿನ ಮೇಲೆ ಎರಡು ಆಂಡ್ರಾಯ್ಡ್ ಫೋನು, ಒಂದು ಅವಳದು, ಒಂದು ನನ್ನದು. ಮೊದಲು ವಾಟ್ಸಾಪ್. ಅವಳು ನನಗೊಂದು ಸಾಲು ಬರೆದಳು, ನಾನು ಪವರ್ ಗುಂಡಿ ಮತ್ತು ದನಿ ತಗ್ಗಿಸುವ ಗುಂಡಿ ಎರಡನ್ನೂ ಒತ್ತಿ ಸ್ಕ್ರೀನ್‌ಶಾಟ್ ಹೊಡೆದೆ. ಅವಳ ಫೋನು ತಣ್ಣಗೆ ಕೂತಿತ್ತು. “ಅತ್ತಿ, ಇಲ್ಲಿ ಏನೂ ಬಂದಿಲ್ಲ ನೋಡು” ಅಂದಳು. ಅವಳ ಸ್ಟೇಟಸ್ಸಿನ ಚಿತ್ರ ಹಿಡಿದೆ, ಏನೂ ಬರಲಿಲ್ಲ. ವಿಡಿಯೊ ಕಾಲ್ ಮಾಡಿ, ಫೋನಿನೊಳಗೇ ಇರುವ ಸ್ಕ್ರೀನ್ ರೆಕಾರ್ಡರ್ ಹಚ್ಚಿ ಎರಡು ನಿಮಿಷ ಅವಳ ಮುಖ ಹಿಡಿದಿಟ್ಟೆ. ಆಗಲೂ ಅವಳ ಕಡೆ ಒಂದು ಗಂಟೆಯಿಲ್ಲ, ಒಂದು ಗುರುತಿಲ್ಲ. ಅವಳ ಫೋನು ಕೆಟ್ಟಿರಲಿಲ್ಲ, ವಾಟ್ಸಾಪ್ ಇರುವುದೇ ಹಾಗೆ. ಸಾಮಾನ್ಯ ಮಾತುಕತೆಯಲ್ಲಿ, ಕರೆಯಲ್ಲಿ, ಸ್ಟೇಟಸ್ಸಿನಲ್ಲಿ ಅದು ಯಾರಿಗೂ ಸುದ್ದಿ ಮುಟ್ಟಿಸುವುದಿಲ್ಲ.

ಆಮೇಲೆ ‘ಒಮ್ಮೆ ಮಾತ್ರ ನೋಡುವ’ ಫೋಟೊ. ಇದು 2021ರ ಆಗಸ್ಟಿನಲ್ಲಿ ಬಂದದ್ದು. ಮುಂದಿನ ವರ್ಷ ಅದಕ್ಕೆ ಸ್ಕ್ರೀನ್‌ಶಾಟ್ ತಡೆಯನ್ನೂ ಸೇರಿಸುವುದಾಗಿ ಕಂಪನಿ ಹೇಳಿತು. ಅವಳು ಕಳಿಸಿದ ಅಂಥ ಫೋಟೊವನ್ನು ತೆರೆದು ಗುಂಡಿ ಒತ್ತಿದರೆ ನನ್ನ ಫೋನು ಒಪ್ಪಲಿಲ್ಲ. ಅವಳಿಗೆ ಬಹಳ ಸಂತೋಷವಾಯಿತು. ಆಗ ನಾನು ಅಣ್ಣನ ಫೋನು ಇಸಿದುಕೊಂಡು, ನನ್ನ ಪರದೆಯ ಮೇಲೆ ತೆರೆದಿದ್ದ ಆ ಫೋಟೊವನ್ನು ಮೇಲಿನಿಂದ ಕ್ಲಿಕ್ಕಿಸಿದೆ. ಚೂರು ಓರೆಯಾಗಿತ್ತು, ಅಂಚಿನಲ್ಲಿ ಕಿಟಕಿಯ ಬೆಳಕು ಬಿದ್ದಿತ್ತು, ಆದರೆ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ಹುಡುಗಿಯ ನಗು ಅಲ್ಲಿಗೆ ನಿಂತಿತು. ನಾನು ಗುಂಡಿ ಒತ್ತಲು ಯತ್ನಿಸಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಇನ್ನೊಂದು ಕ್ಯಾಮೆರಾದಿಂದ ತೆಗೆದದ್ದಂತೂ ಜಗತ್ತಿನ ಯಾವ ಆ್ಯಪಿಗೂ ಗೊತ್ತಾಗದು.

ಟೆಲಿಗ್ರಾಂನ ‘ಗುಪ್ತ ಮಾತುಕತೆ’ ಆಂಡ್ರಾಯ್ಡಿನಲ್ಲಿ ಚಿತ್ರ ತೆಗೆಯಲು ಬಿಡಲಿಲ್ಲ. ಅದೇ ಟೆಲಿಗ್ರಾಂನ ಸಾಮಾನ್ಯ ಮಾತುಕತೆ ಬಿಟ್ಟಿತು, ಯಾರಿಗೂ ಹೇಳಲೂ ಇಲ್ಲ. ಕಡೆಗೆ ಸ್ನ್ಯಾಪ್‌ಚಾಟ್. ನಾನು ಗುಂಡಿ ಒತ್ತಿದ್ದೇ ತಡ, ಅವಳ ಫೋನಿನಲ್ಲಿ ನಮ್ಮ ಮಾತುಕತೆಯ ನಡುವೆಯೇ ಒಂದು ಸಾಲು ಮೂಡಿತು: ನಾನು ಸ್ಕ್ರೀನ್‌ಶಾಟ್ ತೆಗೆದೆ ಎಂದು, ನನ್ನ ಹೆಸರಿನ ಸಮೇತ. ಅಷ್ಟೂ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದ ಆ್ಯಪ್ ಅದೊಂದೇ.

ಮೀಟ್ ಮತ್ತು ಜೂಮ್‌ನಂಥ ಸಭೆಯ ಆ್ಯಪ್‌ಗಳ ವಿಷಯದಲ್ಲಿ ಬಹಳ ಜನ ಮೋಸಹೋಗುವ ಒಂದು ಜಾಗವಿದೆ. ಆ ಆ್ಯಪಿನದೇ ರೆಕಾರ್ಡಿಂಗ್ ಗುಂಡಿ ಒತ್ತಿದರೆ ಕೂತವರಿಗೆಲ್ಲ ಗೊತ್ತಾಗುತ್ತದೆ. ಪರದೆಯ ಮೇಲೆ ಗುರುತು ಮೂಡುತ್ತದೆ, ಜೂಮ್‌ನಲ್ಲಿ ದನಿಯೇ ಸಾರುತ್ತದೆ. ಆ ಗುರುತು ನೋಡಿ ಅಭ್ಯಾಸವಾದವರು, ಗುರುತು ಇಲ್ಲದಿದ್ದರೆ ಯಾರೂ ಹಿಡಿಯುತ್ತಿಲ್ಲ ಎಂದು ನಂಬುತ್ತಾರೆ. ಈ ನಂಬಿಕೆ ತಪ್ಪು. ಆ ಗುರುತು ಹೇಳುವುದು ಆ್ಯಪ್ ತಾನು ಮಾಡುವ ಕೆಲಸದ ಬಗ್ಗೆ ಮಾತ್ರ. ಕೂತವರಲ್ಲಿ ಒಬ್ಬರು ತಮ್ಮ ಫೋನಿನ ಗುಂಡಿ ಒತ್ತಿದರೆ, ತಮ್ಮ ಕಂಪ್ಯೂಟರಿನ ರೆಕಾರ್ಡರ್ ಹಚ್ಚಿದರೆ, ಮೀಟ್‌ಗೂ ಜೂಮ್‌ಗೂ ಅದರ ಸುಳಿವಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ನಡೆಯುವ ಸಭೆಯಾದರಂತೂ, ಸ್ಕ್ರೀನ್‌ಶಾಟ್ ತೆಗೆದರೆಂದು ತಿಳಿಯುವ ದಾರಿಯನ್ನು ಬ್ರೌಸರ್ ಆ ಪುಟಕ್ಕೆ ಕೊಟ್ಟೇ ಇಲ್ಲ.

ಯಾಕೆ ಹೀಗೆ? ಇದರ ಒಳಗಿನ ಕೆಲಸ ಗೊತ್ತಾದರೆ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದು ಆ್ಯಪ್ ಅಲ್ಲ, ಫೋನಿನ ಮೂಲ ವ್ಯವಸ್ಥೆ, ಅಂದರೆ ಆಂಡ್ರಾಯ್ಡ್ ಅಥವಾ ಐಫೋನಿನ ಐಒಎಸ್. ಆ್ಯಪ್ ಎಂಬುದು ಬಾಡಿಗೆದಾರನಿದ್ದಂತೆ, ಮನೆ ಮಾಲೀಕ ಹೇಳಿದರಷ್ಟೇ ಅದಕ್ಕೆ ಗೊತ್ತು. ಮಾಲೀಕ ಎರಡು ಸೌಕರ್ಯ ಕೊಡುತ್ತಾನೆ. ಒಂದು, ತಡೆ. ಆಂಡ್ರಾಯ್ಡಿನಲ್ಲಿ ಇದಕ್ಕೆ `FLAG_SECURE` ಎಂದು ಹೆಸರು. ಆ್ಯಪ್ ತಯಾರಿಸಿದವರು ಒಂದು ಪರದೆಗೆ ಈ ಗುರುತು ಹಚ್ಚಿದರೆ ಆ ಪರದೆಯ ಚಿತ್ರ ತೆಗೆಯಲು ಬರುವುದಿಲ್ಲ, ರೆಕಾರ್ಡ್ ಮಾಡಿದರೆ ಕಪ್ಪಾಗಿ ಬರುತ್ತದೆ. ಇನ್ನೊಂದು, ಸುದ್ದಿ. ಐಫೋನು 2013ರಿಂದಲೇ ‘ಈಗ ಸ್ಕ್ರೀನ್‌ಶಾಟ್ ತೆಗೆದರು’ ಎಂದು ಆ್ಯಪ್‌ಗೆ ತಿಳಿಸುತ್ತದೆ, ಆದರೆ ತೆಗೆದ ಮೇಲೆ. ಆಂಡ್ರಾಯ್ಡ್ ಇಂಥ ನೇರ ದಾರಿ ಕೊಟ್ಟದ್ದು ಹತ್ತು ವರ್ಷ ತಡವಾಗಿ, 2023ರ 14ನೇ ಆವೃತ್ತಿಯಲ್ಲಿ. ಅದೂ ಫೋನಿನ ಗುಂಡಿಗಳನ್ನು ಒತ್ತಿ ತೆಗೆದರೆ ಮಾತ್ರ. ಅದಕ್ಕೂ ಹಿಂದೆ ಆ್ಯಪ್‌ಗಳು ಸ್ಕ್ರೀನ್‌ಶಾಟ್‌ಗಳ ಫೋಲ್ಡರಿಗೆ ಹೊಸ ಚಿತ್ರ ಬಂತೇ ಎಂದು ಇಣುಕಿ ನೋಡಿ ಊಹಿಸುತ್ತಿದ್ದವು.

ಇಷ್ಟು ತಿಳಿದ ಮೇಲೆ ನಾನು ಬೆಚ್ಚಿದ್ದು ಒಂದೇ ಮಾತಿಗೆ. ನಿಮ್ಮ ಚಿತ್ರವನ್ನು ಯಾರೋ ಹಿಡಿದರು ಎಂಬ ಸುದ್ದಿ ನಿಮಗೆ ಬರಬೇಕಾದರೆ, ಅದನ್ನು ಕಳಿಸಬೇಕಾದದ್ದು ಹಿಡಿದವರ ಫೋನು. ನಿಮ್ಮ ಫೋನಿಗೆ ಅಲ್ಲಿ ಏನಾಯಿತೆಂದು ತಿಳಿಯುವ ಬೇರೆ ದಾರಿಯೇ ಇಲ್ಲ. ಹಿಡಿದವರ ಫೋನು, ಅದರ ವ್ಯವಸ್ಥೆಯ ಆವೃತ್ತಿ, ಅದರೊಳಗಿನ ಆ್ಯಪ್, ಅವರ ನೆಟ್‌ವರ್ಕ್ ಎಲ್ಲವೂ ಪ್ರಾಮಾಣಿಕವಾಗಿದ್ದರೆ ನಿಮಗೊಂದು ಸಾಲು ಬರುತ್ತದೆ. ಆದ್ದರಿಂದ ಬಂದ ಸುದ್ದಿಯನ್ನು ನಂಬಬಹುದು. ಸುದ್ದಿ ಬರದೇ ಇರುವುದನ್ನು ಯಾವತ್ತೂ ನಂಬಬಾರದು. ಸುಮ್ಮನಿರುವ ಪರದೆ ಯಾವುದಕ್ಕೂ ಸಾಕ್ಷಿಯಲ್ಲ.

ಬೀದರಿನ ಹಳೇ ಊರಿನ ನಡುವೆ ಚೌಬಾರಾ ಇದೆ. ಆ ಕಾವಲು ಗೋಪುರದ ಮೇಲೆ ನಿಂತವನಿಗೆ ಸುತ್ತಲಿನ ಬಯಲೆಲ್ಲ ಕಾಣುತ್ತಿತ್ತು. ಆದರೆ ಕೆಳಗೆ ನಡೆದಾಡುವವರಿಗೂ ಗೋಪುರ ಕಾಣುತ್ತಿತ್ತು. ಮೇಲಿನಿಂದ ನೋಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಇವತ್ತು ನಮ್ಮ ಪ್ರತಿ ಕೈಯಲ್ಲೂ ಒಂದು ಚೌಬಾರಾ ಇದೆ, ಕೆಳಗಿನವರಿಗೆ ಕಾಣದ ಚೌಬಾರಾ.

ಹಾಗಾದರೆ ಎಲ್ಲ ಆ್ಯಪ್‌ಗಳೂ ಸ್ನ್ಯಾಪ್‌ಚಾಟಿನಂತೆ ಹೇಳಿಬಿಡಲಿ ಎಂದು ಕೇಳೋಣವೇ? ನಾನೂ ಮೊದಲು ಸಿಟ್ಟಿನಲ್ಲಿ ಹಾಗೇ ಅಂದುಕೊಂಡೆ. ನನ್ನ ಮನಸ್ಸು ತಿರುಗಿಸಿದವಳು ಭಾಲ್ಕಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ಒಬ್ಬ ಹೆಂಗಸು. ಸಾಲ ಕೊಟ್ಟವನೊಬ್ಬ ರಾತ್ರಿಯೆಲ್ಲ ಹೊಲಸು ಮಾತು, ಬೆದರಿಕೆ ಕಳಿಸುತ್ತಿದ್ದ. ಬೆಳಗಾಗುವುದರೊಳಗೆ ಎಲ್ಲವನ್ನೂ ಅಳಿಸಿಬಿಡುತ್ತಿದ್ದ. ಅವಳು ಸೆರಗಿನೊಳಗೆ ಫೋನು ಹಿಡಿದು ಒಂದೊಂದನ್ನೂ ಸ್ಕ್ರೀನ್‌ಶಾಟ್ ಹೊಡೆದಿಟ್ಟುಕೊಂಡಳು. ಅವಳು ಹಾಗೆ ಹಿಡಿದಿಡುತ್ತಿದ್ದಾಳೆ ಎಂದು ಪ್ರತಿಸಲವೂ ಅವನಿಗೆ ಸುದ್ದಿ ಹೋಗಿದ್ದರೆ? ಅವಳ ಮೈಮೇಲೆ ಏನು ಬೀಳುತ್ತಿತ್ತು? ಹೆಂಡತಿಗೆ ಹೊಡೆಯುವ ಗಂಡ, ಜಾತಿ ಹಿಡಿದು ಬೈಯುವ ಮೇಲಿನವನು, ದುಡ್ಡು ನುಂಗುವ ವಂಚಕ, ಇವರ ವಿರುದ್ಧ ಬಡವರ ಕೈಯಲ್ಲಿರುವ ಸಾಕ್ಷಿ ಈ ಮೌನದ ಚಿತ್ರವೇ. ಆ ಮೌನವನ್ನು ನಾನು ಕಸಿಯಲಾರೆ.

ಅಂಥವರಿಗೆ ಇಲ್ಲೇ ಒಂದು ಮಾತು. ಚಿತ್ರ ತೆಗೆಯುವಾಗ ಎದುರಿನವರ ನಂಬರು, ದಿನಾಂಕ, ಹೊತ್ತು ಕಾಣುವಂತೆ ತೆಗೆಯಿರಿ. ಹಿಂದುಮುಂದಿನ ಮಾತೂ ಬರಲಿ. ಹೆಸರಿನ ಮೇಲೆ ಒತ್ತಿ, ನಂಬರು ಕಾಣುವ ಪುಟವನ್ನೂ ತೆಗೆದಿಡಿ. ನಿಮ್ಮ ಫೋನಿನಲ್ಲಿರುವ ಮೂಲ ಮಾತುಕತೆಯನ್ನು ಅಳಿಸಬೇಡಿ, ಫೋನನ್ನು ಮಾರಬೇಡಿ. ಬರೀ ಚಿತ್ರವನ್ನು ಯಾರಾದರೂ ತಿದ್ದಬಹುದು ಎಂದು ನ್ಯಾಯಾಲಯಕ್ಕೂ ಗೊತ್ತು. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಮೂಲ ಉಳಿದಿದ್ದರೆ ಆ ಪ್ರಮಾಣಪತ್ರಕ್ಕೆ ಬಲ. ದೂರನ್ನು `cybercrime.gov.in`ನಲ್ಲಿ ಕೊಡಬಹುದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೀಗಾಗಿ ಒಂದೇ ಗುಂಡಿ, ಎರಡು ಕೆಲಸ. ಬಲವಿಲ್ಲದವಳು ಬಲವಿದ್ದವನ ಮಾತನ್ನು ಹಿಡಿದಿಟ್ಟರೆ ಅದು ರಕ್ಷಣೆ. ಬಲವಿದ್ದವರು ಬಲವಿಲ್ಲದವರ ಮುಖವನ್ನು ಹಿಡಿದಿಟ್ಟರೆ ಅದು ಕಳವು. ಈ ಭೇದವನ್ನು ಆ್ಯಪ್ ತಿಳಿಯಲಾರದು. ಅದಕ್ಕೆ ಕಾಣುವುದು ಗುಂಡಿ ಒತ್ತಿದ್ದಷ್ಟೇ. ಒತ್ತಿದ ಕೈಗೆ ಮಾತ್ರ ತಾನು ಯಾಕೆ ಒತ್ತಿದೆ ಎಂಬುದು ಗೊತ್ತು.

ಇದನ್ನು ಹೇಳಿದೆನೆಂದು ಕಂಪನಿಗಳನ್ನು ನಾನು ಸುಮ್ಮನೆ ಬಿಟ್ಟಿಲ್ಲ. ಇನ್‌ಸ್ಟಾಗ್ರಾಂ 2018ರ ಫೆಬ್ರುವರಿಯಲ್ಲಿ ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದವರ ಹೆಸರಿನ ಪಕ್ಕ ಗುರುತು ತೋರಿಸುವ ಪ್ರಯೋಗ ಮಾಡಿತು. ಕೆಲವೇ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಈಗ ಅಲ್ಲಿ ಮಾಯವಾಗುವ ಸಂದೇಶ, ಚಿತ್ರಗಳಿಗಷ್ಟೇ ಸುದ್ದಿ ಹೋಗುತ್ತದೆ. ಅಂದರೆ ಮಾಡಲು ಬರುತ್ತದೆ, ಮನಸ್ಸಿಲ್ಲ. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಔರಾದ್ ಕಡೆಯೇ ಇದೆ. ಅದನ್ನು ನೆನೆಯುವುದು ಸುಲಭವಲ್ಲ.

2018ರ ಜುಲೈ 13. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಮಾನಿ ಎದ್ದಿತು. ಅವರ ಚಿತ್ರ, ಅವರ ಕಾರಿನ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ದಾರಿಗೆ ಅಡ್ಡಗಟ್ಟಿದರು. 32 ವರ್ಷದ ಎಂಜಿನಿಯರ್ ಒಬ್ಬರು ನಮ್ಮ ಜನರ ಕೈಯಲ್ಲಿ ಸತ್ತರು. ಗುಂಪಿನ ಅಡ್ಮಿನ್ ಸೇರಿದಂತೆ ಹಲವರ ಬಂಧನವಾಯಿತು. ಗುಂಪಿನಲ್ಲಿ ಓಡಿದ್ದು ಸ್ಕ್ರೀನ್‌ಶಾಟ್ ಅಲ್ಲ, ನೇರ ತೆಗೆದ ಚಿತ್ರ. ಆದರೂ ಅಲ್ಲಿ ನಡೆದದ್ದು ನಾನು ಹೇಳುತ್ತಿರುವುದೇ: ಒಬ್ಬರನ್ನು ಅವರ ಒಪ್ಪಿಗೆಯಿಲ್ಲದೆ ಹಿಡಿದು, ಹಿಂದುಮುಂದಿನ ಮಾತು ಕತ್ತರಿಸಿ, ಅವರು ಉತ್ತರ ಕೊಡಲಾಗದ ಜಾಗಕ್ಕೆ ಕಳಿಸಿದ್ದು.

ಆ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳಾದವು. ಸರ್ಕಾರ ಬೆನ್ನುಹತ್ತಿತು. ಅದೇ ಜುಲೈನಲ್ಲಿ ವಾಟ್ಸಾಪ್, ಮುಂದೆ ಕಳಿಸಿದ ಸಂದೇಶದ ಮೇಲೆ ‘ಫಾರ್ವರ್ಡೆಡ್’ ಎಂಬ ಚೀಟಿ ಅಂಟಿಸಿತು, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಮುಂದೆ ಕಳಿಸುವ ಮಿತಿ ತರುವುದಾಗಿ ಸಾರಿತು. ಕೋಟಿಗಟ್ಟಲೆ ಫೋನುಗಳಲ್ಲಿ ಆ್ಯಪಿನ ಸ್ವಭಾವವೇ ಬದಲಾಯಿತು. ಹೆಣ ಬಿದ್ದ ಮೇಲೆ ಬದಲಾಯಿತು ಎಂಬುದು ಬೇರೆ ಮಾತು.

ಆದರೆ ಈ ಚೀಟಿ ಬಿದ್ದುಹೋಗುವ ಜಾಗ ಎಲ್ಲಿ ಗೊತ್ತೇ? ಸ್ಕ್ರೀನ್‌ಶಾಟಿನಲ್ಲಿ. ಮುಂದೆ ಕಳಿಸಿದ ಸಂದೇಶಕ್ಕೆ ಚೀಟಿ ಇರುತ್ತದೆ. ಅದೇ ಸಂದೇಶದ ಸ್ಕ್ರೀನ್‌ಶಾಟ್ ಹೊಡೆದು ಕಳಿಸಿದರೆ ವಾಟ್ಸಾಪ್ ಅದನ್ನು ನೀವೇ ಈಗ ತೆಗೆದ ಹೊಸ ಚಿತ್ರ ಎಂದು ಲೆಕ್ಕ ಹಿಡಿಯುತ್ತದೆ. ಚೀಟಿಯೂ ಹೋಯಿತು, ಎಷ್ಟು ಕೈ ದಾಟಿ ಬಂತು ಎಂಬ ಲೆಕ್ಕವೂ ಹೋಯಿತು. ಬರೆದವರು ಆಮೇಲೆ ತಪ್ಪು ಅರಿತು ಅಳಿಸಿದರೂ ಚಿತ್ರದಲ್ಲಿ ಅಳಿಯುವುದಿಲ್ಲ. ವಾಟ್ಸಾಪ್ 2025ರಲ್ಲಿ ತಂದ ಗುಂಪಿನ ಹೊಸ ಗೋಪ್ಯತೆ ಸೌಲಭ್ಯವೂ ಮಾತುಕತೆಯನ್ನು ಒಟ್ಟಾಗಿ ಹೊರತೆಗೆಯುವುದನ್ನು ತಡೆಯುತ್ತದೆಯೇ ಹೊರತು ಸ್ಕ್ರೀನ್‌ಶಾಟನ್ನು ಮುಟ್ಟುವುದಿಲ್ಲ. ಹಾಗಾಗಿ ನಾನು ಕಂಪನಿಗಳನ್ನು ಕೇಳುವುದು ಇಷ್ಟು: ಮಕ್ಕಳ ತರಗತಿ ನಡೆಯುವ ಸಭೆಯಲ್ಲಿ, ಮನೆಯೊಳಗಿನ ವಿಡಿಯೊ ಕರೆಯಲ್ಲಿ, ಫೋನಿನ ವ್ಯವಸ್ಥೆ ಕೊಟ್ಟಿರುವ ಸುದ್ದಿಯ ದಾರಿಯನ್ನು ಬಳಸಿ. ಕರೆಯ ಆರಂಭದಲ್ಲೇ, ‘ನಿಮ್ಮ ಚಿತ್ರ ಹಿಡಿದರೂ ನಮಗೆ ಗೊತ್ತಾಗದೇ ಇರಬಹುದು’ ಎಂದು ನಮ್ಮ ಕನ್ನಡದಲ್ಲಿ ಒಂದು ಸಾಲು ತೋರಿಸಿ. ಬರಹದ ಮಾತುಕತೆಯನ್ನು ಬೆದರಿದವಳ ಸಾಕ್ಷಿಗಾಗಿ ಹಾಗೇ ಬಿಡಿ.

ಕಾನೂನಿನ ನೆರಳು ಇದೆ, ಆದರೆ ಚಿಕ್ಕದು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ಹಿಡಿದರೆ ಐಟಿ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಸೆರೆ. ನ್ಯಾಯ ಸಂಹಿತೆಯ 77ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಖಾಸಗಿ ಹೊತ್ತಿನ ಚಿತ್ರ ಹಿಡಿಯಲು ಹೆಣ್ಣು ಒಪ್ಪಿದ್ದರೂ ಬೇರೆಯವರಿಗೆ ಕಳಿಸಲು ಒಪ್ಪದಿದ್ದರೆ ಕಳಿಸಿದ್ದು ಅಪರಾಧ ಎನ್ನುತ್ತದೆ. ಆದರೆ ಗೋಣಿಚೀಲದ ಮೇಲೆ ಕೂತ ಹುಡುಗಿಯ ಒಂದೇ ಕೋಣೆಯ ಮನೆಯನ್ನು ಊರಿಗೆಲ್ಲ ತೋರಿಸಿದ್ದಕ್ಕೆ ಈ ಕಲಮುಗಳಲ್ಲಿ ಜಾಗ ಹುಡುಕುವುದು ಕಷ್ಟ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಗಳು ತಮ್ಮ ಸ್ವಂತಕ್ಕೆ, ಮನೆಯ ಬಳಕೆಗೆ ಮಾಡುವ ಕೆಲಸವನ್ನು ಹೊರಗಿಟ್ಟಿದೆ. ಕಾನೂನು ಮುಟ್ಟದ ಈ ಜಾಗದಲ್ಲೇ ನಮ್ಮ ದಿನನಿತ್ಯದ ಬಾಳು ನಡೆಯುತ್ತದೆ.

ಅಂಥ ಒಂದು ಜಾಗ ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ. ಹುಡುಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿರುತ್ತಾನೆ, ರಜೆ ಇಲ್ಲ. ಆದ್ದರಿಂದ ವಾಟ್ಸಾಪ್ ಕರೆಯಲ್ಲೇ ಮೊದಲ ಭೇಟಿ. ಹುಡುಗಿ ಸೀರೆ ಉಟ್ಟು ತಲೆ ಬಗ್ಗಿಸಿ ಕೂರುತ್ತಾಳೆ. ಆ ಕಡೆಯಿಂದ ಯಾರೋ ವೈನಿ, ಯಾರೋ ಕಾಕಾ ಟಕ್ಕೆಂದು ಗುಂಡಿ ಒತ್ತುತ್ತಾರೆ. ಅದು ನೆಂಟರ ಗುಂಪಿಗೆ ಹೋಗುತ್ತದೆ, ಬಣ್ಣ ಹೇಗೆ, ಎತ್ತರ ಹೇಗೆ ಎಂದು ಮಾತು ನಡೆಯುತ್ತದೆ. ಸಂಬಂಧ ಕೂಡಲಿಲ್ಲ ಎಂದಿಟ್ಟುಕೊಳ್ಳಿ. ಆ ಮುಖ ಮಾತ್ರ ಇಪ್ಪತ್ತು ಮೂವತ್ತು ಫೋನುಗಳಲ್ಲಿ ಉಳಿಯುತ್ತದೆ. ಮುಂದೆ ಬೇರೆ ಮನೆಗೆ ಸೊಸೆಯಾಗಿ ಹೋದವಳನ್ನು ಯಾರೋ ಮದುವೆಯಲ್ಲಿ ನೋಡಿ, “ಈಕಿನ್ನ ನಮಗೂ ತೋರ್ಸಿದ್ರು” ಅನ್ನುತ್ತಾರೆ. ಕರೆಯ ಹೊತ್ತಿನಲ್ಲಿ ಆ ಹುಡುಗಿಗೆ ಯಾವ ಸುದ್ದಿಯೂ ಬಂದಿರಲಿಲ್ಲ. ಗಂಡಿನ ಕಡೆಯ ತಾಯಂದಿರೇ, ನಿಮ್ಮ ಕೈ ಹಿಡಿದು ಕೇಳುತ್ತೇನೆ: ಆ ಗುಂಡಿ ಒತ್ತುವ ಮೊದಲು “ತಂಗಿ, ಒಂದು ಫೋಟೊ ತೆಗೀಲೇನವ್ವ” ಎಂದು ಕೇಳಿ. ಆಕೆ ಬೇಡ ಅಂದರೆ ಬಿಟ್ಟುಬಿಡಿ. ಸಂಬಂಧ ಬೇಡವೆಂದ ದಿನವೇ ನಿಮ್ಮ ನೆಂಟರ ಗುಂಪಿನಲ್ಲಿ ನೀವೇ ಎದ್ದುನಿಂತು ಅಳಿಸಿರೆಂದು ಹೇಳಿ.

ಮಹಿಳಾ ಸಂಘದ ಅಧ್ಯಕ್ಷೆಯರೇ, ಗುಂಪಿನಲ್ಲಿ ಒಬ್ಬಳು ತನ್ನ ಮನೆಯ ಸಂಕಟ ಬರೆದುಕೊಂಡರೆ ಅದು ಸಂಘದ ಅಂಗಳ ದಾಟಬಾರದು. ದಾಟಿದರೆ ಯಾರು ದಾಟಿಸಿದರೆಂದು ವಾಟ್ಸಾಪ್ ಹೇಳುವುದಿಲ್ಲ. ಆಮೇಲೆ ಸಂಘದಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತ ಕೂರಬೇಕಾಗುತ್ತದೆ. ಅಂಥ ಮಾತನ್ನು ಬರೆಯಲು ಬಿಡದೆ, ವಾರದ ಸಭೆಯಲ್ಲಿ ಎದುರುಬದುರು ಕೂತು ಕೇಳಿ.

ಗುರುಗಳೇ, ನನ್ನ ಓರಗೆಯವರೇ, ಪುರಾವೆ ಬೇಕೆಂದು ಮೇಲಿನವರು ಕೇಳಿದರೆ ಹಾಜರಿ ಪಟ್ಟಿ ಕಳಿಸಿ. ಕೂತವರ ಹೆಸರಿನ ಪಟ್ಟಿಯ ಪುಟದಲ್ಲಿ ಯಾರ ತಾಯಿಯೂ ಕಾಣುವುದಿಲ್ಲ. ಮುಖಗಳೇ ಬೇಕೆಂದರೆ ಮೊದಲು ಸಾರಿ ಹೇಳಿ, ಹತ್ತು ಎಣಿಸಿ, ಬೇಡವೆಂದವರು ಕ್ಯಾಮೆರಾ ಮುಚ್ಚಿಕೊಳ್ಳಲು ಹೊತ್ತು ಕೊಡಿ. ತೆಗೆದ ಮೇಲೆ ಅದೇ ಮಕ್ಕಳಿಗೆ ಮೊದಲು ತೋರಿಸಿ, ಆಮೇಲೆ ಬೇರೆಯವರಿಗೆ. ನಾನು ಈಗ ಹಾಗೇ ಮಾಡುತ್ತೇನೆ. ಇದಕ್ಕೆ ಹಿಡಿಯುವುದು ಒಂದು ನಿಮಿಷ.

ನಾವು ಎಂಥ ನೆಲದವರು ಎಂಬುದನ್ನು ನೆನಪಿಸಿಕೊಳ್ಳಿ. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ನಮ್ಮ ಕಡೆಯ ಮಕ್ಕಳೆಲ್ಲ ಕೇಳಿ ಬೆಳೆದಿದ್ದೇವೆ. ಆ ಕೋಣೆಯೊಳಗೆ ಏನು ನಡೆಯುತ್ತದೆಂದು ಕೂತ ಪ್ರತಿ ಮಗುವಿಗೂ ಗೊತ್ತಿತ್ತು, ಕಳಿಸಿದ ಪ್ರತಿ ತಂದೆತಾಯಿಗೂ ಗೊತ್ತಿತ್ತು. ಆ ಬಾಗಿಲಿಗೆ ಯಾವ `FLAG_SECURE` ಇರಲಿಲ್ಲ. ಒಳಗಿನದನ್ನು ಹೊರಗೆ ಒಯ್ಯುವುದಿಲ್ಲ ಎಂಬ ಜನರ ಮಾತಷ್ಟೇ ಇತ್ತು. ನಮ್ಮ ಅಕ್ಷರ ಉಳಿದದ್ದು ಆ ಮಾತಿನ ಮೇಲೆ. ಅದೇ ಭಾಲ್ಕಿಯ ಹೊರಸಿನ ಮೇಲೆ ಕೂತು ನಾನು ಫೋನುಗಳನ್ನು ಪರೀಕ್ಷೆ ಮಾಡುತ್ತಿದ್ದಾಗ ಆ ಕೋಣೆ ಮತ್ತೆ ಮತ್ತೆ ಕಣ್ಮುಂದೆ ಬಂತು.

ಔರಾದ್ ಕಡೆಯ ಆ ಮನೆಗೆ ಅವತ್ತು ಹೋದಾಗ ತಾಯಿ ಹೊಲಕ್ಕೆ ಹೋಗಿದ್ದರು. ಮತ್ತೊಮ್ಮೆ ಹೋದೆ. ನನ್ನ ಫೋನಿನಲ್ಲಿದ್ದ ಆ ಚಿತ್ರವನ್ನು ಅವರ ಕೈಗೆ ಕೊಟ್ಟು, ಇದು ನಾನು ತೆಗೆದದ್ದು, ನನ್ನದೇ ತಪ್ಪು ಎಂದೆ. ಅವರು ಬಹಳ ಹೊತ್ತು ನೋಡಿದರು. ಅಳಿಸುವುದು ಹೇಗೆ ಎಂದು ಕೇಳಿದರು. ತೋರಿಸಿದೆ. ತಮ್ಮ ಬೆರಳಿನಿಂದಲೇ ಅಳಿಸಿದರು. ಉಳಿದ ಫೋನುಗಳಲ್ಲಿ ಇರುವುದನ್ನು ಏನು ಮಾಡುವುದು ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ, ಈಗಲೂ ಇಲ್ಲ. ಗುಂಪಿನಿಂದ ಗುಂಪಿಗೆ ಹೋಗಿ ಕೇಳಿಕೊಂಡೆ, ಕೆಲವರು ಅಳಿಸಿದರು.

ಹುಡುಗಿ ಈಗ ಬೀದರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹೋದ ಯುಗಾದಿಗೆ ಕರೆದಿದ್ದಳು, ಬೇವುಬೆಲ್ಲ ತಿಂದು ಹೊರಟೆ. ಅಂಗಳದಲ್ಲಿ ತಾಯಿ ಮಗಳು ಒಟ್ಟಿಗೆ ನಿಂತಿದ್ದರು. ಒಂದು ಫೋಟೊ ತೆಗೀಲೇನ್ರಿ ಎಂದು ಕೇಳಿದೆ. “ಸ್ವಲ್ಪ ತಡೀರಿ” ಎಂದು ತಾಯಿ ಒಳಗೆ ಹೋದರು. ತಲೆ ಬಾಚಿ, ಕುಂಕುಮ ಇಟ್ಟು, ಸೆರಗು ಹೊದ್ದು ಬಂದು ಮಗಳ ಪಕ್ಕ ನಿಂತರು.

“ಹಾಂ, ಈಗ ತೆಗೀರಿ” ಅಂದರು.